ಎರಡು ದೇಶದ ಟೀಮ್, ಒಂದೇ ಸ್ಟ್ಯಾಂಡ್‌ಅಪ್: ಟೈಮ್ ಬದಲಾಯಿಸಿದೆ, ಈಗ ಅರ್ಧ ಟೀಮ್ ಮುನಿಸಿಕೊಂಡಿದೆ

ಸಂಜೆ_ಮೀಟಿಂಗ್ (ಚರ್ಚೆ ಶುರು ಮಾಡಿದವರು)

ನಮ್ಮದು ಎಂಟು ಜನರ ಟೀಮ್. ಎಲ್ಲರೂ ಮನೆಯಿಂದಲೇ ಕೆಲಸ. ಐವರು ಭಾರತದಲ್ಲಿ, ಮೂವರು ಅಮೆರಿಕದ ಪೂರ್ವ ತೀರದಲ್ಲಿ. ನಾನು ಇಲ್ಲಿನ ಲೀಡ್. ಎರಡು ವರ್ಷದಿಂದ ಸ್ಟ್ಯಾಂಡ್‌ಅಪ್ ಅವರ ಬೆಳಿಗ್ಗೆ 10ಕ್ಕೆ ಇತ್ತು. ಈಗಿನ ಲೆಕ್ಕದಲ್ಲಿ ನಮಗೆ ಸಂಜೆ 7:30. ಚಳಿಗಾಲದಲ್ಲಿ ಅದೇ 8:30 ಆಗುತ್ತಿತ್ತು. ಹದಿನೈದು ನಿಮಿಷ ಅಂತ ಹೆಸರಿಗೆ. ಮುಗಿಯುವಾಗ 9 ಗಂಟೆ. ನಮ್ಮವರು ಗೊಣಗುತ್ತಲೇ ಇದ್ದರು.

ಕಳೆದ ತಿಂಗಳು ಪೋಲ್ ಹಾಕಿದೆ: ಹಳೇ ಟೈಮ್ ಇರಲಿ, ಅಥವಾ ಅವರ 8:30, ನಮ್ಮ ಸಂಜೆ 6. ಐದು ಮತ ಸಂಜೆ 6ಕ್ಕೆ, ಮೂರು ಮತ ಹಳೇ ಟೈಮಿಗೆ. ನಾನು ಚಾನೆಲ್‌ನಲ್ಲಿ ಎರಡು ಸಾಲು ಹಾಕಿದೆ: "ಸೋಮವಾರದಿಂದ 8:30ಕ್ಕೆ. ಬಹುಮತದ ತೀರ್ಮಾನ." ಆ ಕಡೆಯಿಂದ ಮೂರು "ಓಕೆ" ಬಂತು. ಅಷ್ಟೇ.

ಎರಡು ವಾರ ಆಯ್ತು. ಒಬ್ಬರು ಕಾರಿನಿಂದ ಸೇರುತ್ತಾರೆ. ಇನ್ನೊಬ್ಬರ ಕ್ಯಾಮೆರಾ ಯಾವಾಗಲೂ ಆಫ್. ಮೊನ್ನೆ ಮ್ಯಾನೇಜರ್ ಕೇಳಿದರು, "ಕಾರಣ ಏನೂ ಹೇಳದೆ ಬದಲಾಯಿಸಿದ್ರಂತೆ?" ಅಂತ. ಕಾರಣ ಎಲ್ಲರಿಗೂ ಗೊತ್ತೇ ಇದೆ ಅಲ್ವಾ ಅಂದುಕೊಂಡಿದ್ದೆ ನಾನು. ಈಗ ಕಾರಣ ಬರೆಯಬೇಕು. ಹೇಗೆ ಬರೆಯೋದು?

---

ನೇರಮಾತು

ಐದು ಜನ ಒಂದು ಕಡೆ, ಮೂರು ಜನ ಒಂದು ಕಡೆ ಇರುವಾಗ ಪೋಲ್ ಯಾಕೆ ಹಾಕಿದ್ರಿ? ಫಲಿತಾಂಶ ಮೊದಲೇ ಗೊತ್ತಿತ್ತಲ್ಲ. ಅದು ಮತದಾನ ಅಲ್ಲ, ತಲೆ ಎಣಿಕೆ.

---

ಕಾಪಿ_ಪೇಸ್ಟ್

ಎರಡು ವರ್ಷ ನಾವು ರಾತ್ರಿ ಕೂತಾಗ ಯಾರೂ ಕಾರಣ ಕೇಳಲಿಲ್ಲ. ಅವರು ಒಂದೂವರೆ ಗಂಟೆ ಬೇಗ ಬಂದ ಕೂಡಲೇ ಕಾರಣ ಬೇಕು. ವಾಹ್.

---

ಆಚೆದಡ

ನಾನು ಆ ಕಡೆಯವಳು. ಅಂದರೆ ನಿಮ್ಮ ಟೀಮ್ ಅಲ್ಲ, ಅದೇ ಟೈಮ್‌ಝೋನ್. @ಕಾಪಿ_ಪೇಸ್ಟ್, ನಿಮ್ಮ ಸಿಟ್ಟು ಸರಿ. ಆದರೆ ಬೆಳಿಗ್ಗೆ 8:30 ಅಂದರೆ ಬರೀ "ಒಂದೂವರೆ ಗಂಟೆ ಬೇಗ" ಅಲ್ಲ. ನನ್ನ ಮಗನ ಶಾಲೆ 8:40ಕ್ಕೆ. ನಾನು 8:15ರಿಂದ 9ರ ತನಕ ಮನೆಯಲ್ಲೇ ಇರೋದಿಲ್ಲ. ಕಾರಿನಿಂದ ಸೇರುವವರು ಉಡಾಫೆ ಮಾಡ್ತಿದ್ದಾರೆ ಅಂತ ಅಂದುಕೊಳ್ಳಬೇಡಿ. ಅವರಿಗೂ ಹೀಗೇ ಏನೋ ಇರಬಹುದು. ಒಮ್ಮೆ ಕೇಳಿ ನೋಡಿದ್ರಾ?

---

ಸಂಜೆ_ಮೀಟಿಂಗ್

ಇಲ್ಲ. ಪೋಲ್‌ನಲ್ಲಿ ಹೇಳ್ತಾರೆ ಅಂದುಕೊಂಡೆ.

---

ಹಳೇ_ಟೆಸ್ಟರ್

ಸಾರ್, ಸ್ಟ್ಯಾಂಡ್‌ಅಪ್ ತೆಗೆದೇ ಹಾಕಬೇಕು ಅನ್ನೋದಾದರೆ ನನ್ನ ಪೂರ್ತಿ ಬೆಂಬಲ. ನಾವು ತೆಗೆದು ಹಾಕಿ ಒಂದು ವರ್ಷ ಆಯ್ತು. ಯಾರಿಗೂ ನೆನಪೂ ಆಗಿಲ್ಲ.

---

ಸಂಜೆ_ಮೀಟಿಂಗ್

ತೆಗೆಯೋದಲ್ಲ ಸಾರ್, ಟೈಮ್ ಬದಲಾಯಿಸೋದು. 🙂

---

ಗಡಿಯಾರ_ರಿಪೇರಿ

ಕಾರಣ ಹೇಗೆ ಬರೆಯೋದು ಅನ್ನೋದಕ್ಕಿಂತ ಮೊದಲು, ಬರೆಯುವಂಥ ಕಾರಣ ನಿಮ್ಮ ಹತ್ತಿರ ಇದೆಯಾ ನೋಡಿ. "ನಮಗೆ ತಡ ಆಗ್ತಿತ್ತು, ಅದಕ್ಕೆ ನಿಮಗೆ ಬೇಗ ಮಾಡಿದೆವು." ಈಗ ಇರೋದು ಇಷ್ಟೇ. ಇದನ್ನು ಎಷ್ಟು ಚೆನ್ನಾಗಿ ಬರೆದರೂ ಅದೇ ಅರ್ಥ.

ಇಂಥ ಟೀಮ್‌ಗಳನ್ನು ನಾಲ್ಕೈದು ಬಾರಿ ಕಟ್ಟಿದ್ದೇನೆ, ಎರಡು ಬಾರಿ ಕೆಡಿಸಿದ್ದೇನೆ. ನಾನು ಮಾಡೋದು ಹೀಗೆ. ಎಂಟು ಜನರಿಗೂ ಒಬ್ಬೊಬ್ಬರಿಗೇ ಮೆಸೇಜ್ ಕಳಿಸಿ. ಒಂದೇ ಪ್ರಶ್ನೆ: "ದಿನದಲ್ಲಿ ಯಾವ ಹೊತ್ತಿಗೆ ನಿಮ್ಮಿಂದ ಆಗೋದೇ ಇಲ್ಲ? ಯಾವ ಹೊತ್ತು ಆಗುತ್ತೆ, ಆದರೆ ಬೇಜಾರು?" ಆಗದೇ ಇರುವುದು ಬೇರೆ, ಬೇಜಾರಾಗುವುದು ಬೇರೆ. ಪೋಲ್‌ನಲ್ಲಿ ಎರಡಕ್ಕೂ ಒಂದೇ ಮತ. ಮಗುವನ್ನು ಶಾಲೆಗೆ ಬಿಡುವವರ ಮತಕ್ಕೂ, ಬೇಗ ಏಳೋಕೆ ಸೋಮಾರಿತನ ಇರುವವರ ಮತಕ್ಕೂ ಒಂದೇ ತೂಕ. ಕಾರಣ ಕೇಳಬೇಡಿ. ಟೈಮ್ ಮಾತ್ರ ಸಾಕು. ಮನೆಯ ವಿಷಯ ಎಲ್ಲರ ಮುಂದೆ ಹೇಳಿಸೋದು ತಪ್ಪು.

ಇನ್ನೊಂದು ಮಾತು. ಈ ಎರಡು ವಾರದಲ್ಲಿ ಪಿಆರ್ ರಿವ್ಯೂ ಹೇಗೆ ನಡೀತಿದೆ ಅಂತ ನೋಡಿ. ನನಗೊಂದು ಅನುಮಾನ ಇದೆ.

---

ಸೊನ್ನೆ_ಒಂದು

ಇದಕ್ಕೆಲ್ಲ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ? ಇನ್ವೈಟ್ ಅನ್ನು ಯುಟಿಸಿಯಲ್ಲಿ ಹಾಕಿ. ಎರಡೂ ಕಡೆಗೂ ತಟಸ್ಥ. ಚಳಿಗಾಲ, ಬೇಸಿಗೆ ಅಂತ ಯಾವ ಗೊಂದಲವೂ ಇರಲ್ಲ.

---

ಗಡಿಯಾರ_ರಿಪೇರಿ

ಅರ್ಧ ಸರಿ. ಯುಟಿಸಿ ಬದಲಾಗಲ್ಲ, ನಿಜ. ಭಾರತದ ಗಡಿಯಾರವೂ ಬದಲಾಗಲ್ಲ, ವರ್ಷವಿಡೀ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ. ಹಾಗಾಗಿ ಯುಟಿಸಿಯಲ್ಲಿ ಹಾಕೋದೂ ಭಾರತದ ಟೈಮಲ್ಲಿ ಹಾಕೋದೂ ಒಂದೇ. ನವೆಂಬರ್ ಬಂದಾಗ ಒಂದು ಗಂಟೆ ಜರುಗೋದು ಅಮೆರಿಕದವರಿಗೆ ಮಾತ್ರ. ತಟಸ್ಥ ಅಂತ ಕಾಣುತ್ತೆ, ಆದರೆ ಭಾರ ಪೂರ್ತಿ ಒಂದೇ ಕಡೆ.

ನ್ಯೂಯಾರ್ಕ್ ಟೈಮಿಗೆ ಕಟ್ಟಿದರೆ ಉಲ್ಟಾ, ಜರುಗೋದು ನಮಗೆ. ಮೂರನೇ ದಾರಿ ಇಲ್ಲ. ಯಾರ ಗಡಿಯಾರಕ್ಕೆ ಕಟ್ಟಿದ್ದೀರಿ ಅನ್ನೋದು ಕ್ಯಾಲೆಂಡರ್ ಸೆಟ್ಟಿಂಗ್ ಅಲ್ಲ, ಟೀಮ್ ಒಪ್ಪಬೇಕಾದ ಮಾತು. ಬಹಳ ಕಡೆ ಅದನ್ನು ಯಾರೂ ತೀರ್ಮಾನಿಸಿರೋದೇ ಇಲ್ಲ. ಇನ್ವೈಟ್ ಮಾಡಿದವರ ಲ್ಯಾಪ್‌ಟಾಪ್ ಯಾವ ಝೋನ್‌ನಲ್ಲಿತ್ತೋ ಅದೇ ತೀರ್ಮಾನ.

---

ಸೊನ್ನೆ_ಒಂದು

ಓ. ನಾನು ಲಾಗ್ ಟೈಮ್‌ಸ್ಟ್ಯಾಂಪ್ ಲೆಕ್ಕದಲ್ಲಿ ಹೇಳಿದೆ. ಮೀಟಿಂಗ್‌ಗೆ ಹೊಂದಲ್ಲ ಅನ್ನೋದು ಒಪ್ಪಿದೆ.

---

ಮೂರು_ವಾರ

ನಮ್ಮದು ಬ್ರಿಟನ್ ಮತ್ತು ಅಮೆರಿಕ. ಎರಡೂ ಕಡೆ ಗಡಿಯಾರ ತಿರುಗಿಸ್ತಾರೆ, ಆದರೆ ಬೇರೆ ಬೇರೆ ದಿನ. ಅಮೆರಿಕದಲ್ಲಿ ಮಾರ್ಚ್ ಎರಡನೇ ಭಾನುವಾರ, ಬ್ರಿಟನ್‌ನಲ್ಲಿ ಮಾರ್ಚ್ ಕೊನೇ ಭಾನುವಾರ. ಈ ವರ್ಷ 8ಕ್ಕೂ 29ಕ್ಕೂ ಮಧ್ಯೆ ಮೂರು ವಾರ ಸ್ಟ್ಯಾಂಡ್‌ಅಪ್ ಹಾಗೂ ಇಲ್ಲ, ಹೀಗೂ ಇಲ್ಲ. ಆ ಮೂರು ವಾರಕ್ಕೆ ಮಾತ್ರ ಯಾರೋ ಒಬ್ಬರ ಮಧ್ಯಾಹ್ನದ ಊಟದ ಹೊತ್ತಿಗೆ ಮೀಟಿಂಗ್ ಬಂದು ಕೂರುತ್ತೆ. ನಿಮಗೆ ಒಂದೇ ಕಡೆ ಬದಲಾಗೋದು, ಪುಣ್ಯವಂತರು.

---

ಸಂಜೆ_ಮೀಟಿಂಗ್

ನಾಲ್ಕು ದಿನ ಆದಮೇಲೆ ಬರೀತಿದ್ದೇನೆ. ಒಬ್ಬೊಬ್ಬರನ್ನೇ ಕೇಳಿದೆ. ಬಂದದ್ದು ನೋಡಿ ಸ್ವಲ್ಪ ನಾಚಿಕೆಯೇ ಆಯ್ತು.

ಆ ಕಡೆ: ಒಬ್ಬರಿಗೆ 8:10ರಿಂದ 8:50 ಆಗೋದೇ ಇಲ್ಲ (ಕಾರಿನವರು). ಇನ್ನಿಬ್ಬರಿಗೆ 8:30 ಬೇಜಾರು, ಆದರೆ ಆಗುತ್ತೆ. ಇಲ್ಲಿ: ನಾಲ್ವರಿಗೆ 7 ದಾಟಿದರೆ ಬೇಜಾರು. ಒಬ್ಬರಿಗೆ 7ರಿಂದ 7:45 ಆಗೋದೇ ಇಲ್ಲ. ಎರಡು ವರ್ಷ ಆ ಹುಡುಗ ಮ್ಯೂಟ್‌ನಲ್ಲಿ ಇದ್ದು, ಹೇಗೋ ಸಂಭಾಳಿಸಿಕೊಂಡು ಬಂದಿದ್ದಾನೆ. ಟೀಮಿಗೆ ಕೊನೆಗೆ ಸೇರಿದವನು. ನನಗೆ ಗೊತ್ತೇ ಇರಲಿಲ್ಲ.

ಎಂಟು ಜನರಲ್ಲಿ ಆಗೋದೇ ಇಲ್ಲ ಅನ್ನುವವರು ಇಬ್ಬರೇ! ಆ ಇಬ್ಬರ ಟೈಮ್ ಬಿಟ್ಟರೆ 9:00, ಅಂದರೆ ನಮ್ಮ 6:30 ಎಲ್ಲರಿಗೂ ನಡೆಯುತ್ತೆ. ಪೋಲ್‌ನಲ್ಲಿ ಆ ಆಯ್ಕೆಯೇ ಇರಲಿಲ್ಲ.

@ಗಡಿಯಾರ_ರಿಪೇರಿ, ಪಿಆರ್ ಕೂಡ ನೋಡಿದೆ. ಹೊಸ ಟೈಮ್ ಬಂದ ಎರಡು ವಾರದಲ್ಲಿ ನಮ್ಮ ಕಡೆಯ 11 ಪಿಆರ್‌ಗಳಿಗೆ ಆ ಕಡೆಯಿಂದ ಪ್ರಶ್ನೆ ಬಂತು. 7ಕ್ಕೆ ಉತ್ತರ ಮರುದಿನ ಹೋಗಿದೆ. ಅದರ ಹಿಂದಿನ ಎರಡು ವಾರದಲ್ಲಿ 14ರಲ್ಲಿ 3 ಮಾತ್ರ ಮರುದಿನಕ್ಕೆ ಹೋಗಿತ್ತು. ನಿಮಗೆ ಹೇಗೆ ಗೊತ್ತಾಯ್ತು?

---

ಗಡಿಯಾರ_ರಿಪೇರಿ

ಯಾಕಂದರೆ ನಾನೂ ಅದನ್ನೇ ಮಾಡಿ ಸಿಕ್ಕಿಹಾಕಿಕೊಂಡಿದ್ದೆ.

ಇಂಥ ಟೀಮ್‌ನಲ್ಲಿ ಸ್ಟ್ಯಾಂಡ್‌ಅಪ್‌ಗೆ ಎರಡು ಕೆಲಸ ಇರುತ್ತೆ. ಒಂದು, ಏನಾಯ್ತು ಅಂತ ಹೇಳೋದು. ಅದನ್ನು ಬರೆದೂ ಹೇಳಬಹುದು. ಇನ್ನೊಂದು, ಎರಡೂ ಕಡೆಯವರು ಒಟ್ಟಿಗೆ ಎಚ್ಚರ ಇರುವ ಹೊತ್ತನ್ನು ಶುರು ಮಾಡೋದು. ಎರಡನೇದು ಯಾರ ಕಣ್ಣಿಗೂ ಬೀಳಲ್ಲ. ಮೊದಲು 7:30ಕ್ಕೆ ಸ್ಟ್ಯಾಂಡ್‌ಅಪ್ ಇದ್ದಾಗ ನಿಮ್ಮವರು ಬೈಕೊಂಡಾದರೂ 8:15ರ ತನಕ ಲ್ಯಾಪ್‌ಟಾಪ್ ಮುಂದೆ ಇದ್ದರು. ಆ ಕಡೆಯವರು ಕೇಳಿದ ಪ್ರಶ್ನೆಗೆ ಅಲ್ಲೇ ಉತ್ತರ ಸಿಕ್ತಿತ್ತು. ಈಗ 6ಕ್ಕೆ ಶುರು, 6:15ಕ್ಕೆ ಮುಗೀತು, 6:20ಕ್ಕೆ ಎಲ್ಲರೂ ಲಾಗ್ ಆಫ್. ಅವರು 8:50ಕ್ಕೆ ಪಿಆರ್ ತೆರೆದು "ಈ ರೀಟ್ರೈ ಯಾಕೆ?" ಅಂತ ಕೇಳ್ತಾರೆ. ನೀವು ನೋಡೋದು ಮರುದಿನ 10ಕ್ಕೆ. ಆಗ ಅವರಿಗೆ ಮಧ್ಯರಾತ್ರಿ 12:30. ನಿಮ್ಮ ಉತ್ತರ ಅವರು ಓದೋದು ಬೆಳಿಗ್ಗೆ. ಒಂದು ಸಾಲಿನ ಪ್ರಶ್ನೆಗೆ ಒಂದು ದಿನ ಹೋಯ್ತು.

ಅದಕ್ಕೇ ಯಾವುದೇ ಕಡೆಯ ದಿನದ ಕಟ್ಟಕಡೆಗೆ ಸ್ಟ್ಯಾಂಡ್‌ಅಪ್ ಇಡಬಾರದು. ಅದಾದ ಮೇಲೆ ಕನಿಷ್ಠ ಅರ್ಧ ಗಂಟೆ ಎರಡೂ ಕಡೆ ಕೂತಿರಬೇಕು. 6:30 ಮಾಡ್ತೀರಾ? ಹಾಗಾದರೆ ನಿಮ್ಮವರ ದಿನ ಬೆಳಿಗ್ಗೆ ಒಂದು ಗಂಟೆ ತಡವಾಗಿ ಶುರುವಾಗಲಿ, 7:15ರ ತನಕ ಇರಲಿ. ಬೆಳಿಗ್ಗೆ 9:30ಕ್ಕೂ ಹಾಜರಿ, ಸಂಜೆ 7:15ಕ್ಕೂ ಹಾಜರಿ ಅಂದರೆ ನೀವು ಟೈಮ್ ಜರುಗಿಸಿಲ್ಲ, ಕೆಲಸದ ದಿನವನ್ನೇ ಉದ್ದ ಮಾಡಿದ್ದೀರಿ.

---

ಕಾಪಿ_ಪೇಸ್ಟ್

ಈ ಕೊನೇ ಸಾಲನ್ನು ಫ್ರೇಮ್ ಹಾಕಿಸಿ ನಮ್ಮ ಮ್ಯಾನೇಜರ್‌ಗೆ ಕಳಿಸ್ತೇನೆ.

---

ನೇರಮಾತು

ಅದು ಸರಿ, ಆದರೆ ಆ ಹುಡುಗನಿಗೆ 7ರಿಂದ ಆಗೋದೇ ಇಲ್ಲ ಅಂದ್ರಲ್ಲ. 7:15ರ ತನಕ ಇರಬೇಕು ಅಂದರೆ ಮತ್ತೆ ಅವನೇ ಸಿಕ್ಕಿಬೀಳ್ತಾನೆ.

---

ಸಂಜೆ_ಮೀಟಿಂಗ್

ಅವನು ಸ್ಟ್ಯಾಂಡ್‌ಅಪ್‌ನಲ್ಲಿ ಮೊದಲು ಮಾತಾಡ್ತಾನೆ. ಅವನ ಪಿಆರ್‌ಗಳನ್ನು ಮೊದಲು ನೋಡ್ತಾರೆ. 6:55ಕ್ಕೆ ಹೊರಡ್ತಾನೆ. ಅವನನ್ನೇ ಕೇಳಿದೆ, ಸಾಕು ಅಂದ. ಈ ಬಾರಿ ನಿಜವಾಗಿ ಕೇಳಿದೆ. 🙂

ಬರೆದ ಮೆಸೇಜ್ ಇದು. ಕಳಿಸುವ ಮೊದಲು ನೋಡಿ ಹೇಳಿ:

> ಸ್ಟ್ಯಾಂಡ್‌ಅಪ್ ಟೈಮ್ ಬಗ್ಗೆ. ಹೋದ ಸಲ ನಾನು ಪೋಲ್ ಹಾಕಿ ಎರಡೇ ಸಾಲಿನಲ್ಲಿ ಮುಗಿಸಿದೆ. ಐದು ಜನ ಒಂದೇ ದೇಶದಲ್ಲಿರುವಾಗ ಅದು ನ್ಯಾಯದ ದಾರಿ ಆಗಿರಲಿಲ್ಲ.
>
> ಈಗ ಎಲ್ಲರನ್ನೂ ಕೇಳಿದ್ದೇನೆ. ನ್ಯೂಯಾರ್ಕ್ ಟೈಮ್ 8:30 ಒಬ್ಬರಿಗೆ ಸಾಧ್ಯವೇ ಇಲ್ಲ. ಭಾರತದ 7:00ರ ನಂತರ ಇನ್ನೊಬ್ಬರಿಗೆ ಸಾಧ್ಯವೇ ಇಲ್ಲ. 8:30ಕ್ಕೆ ತಂದ ಮೇಲೆ ರಿವ್ಯೂ ಪ್ರಶ್ನೆಗಳಿಗೆ ಉತ್ತರ ಹೆಚ್ಚಾಗಿ ಮರುದಿನಕ್ಕೆ ಹೋಗುತ್ತಿದೆ. ಅದು ನನ್ನ ತೀರ್ಮಾನದಿಂದ ಆದದ್ದು.
>
> ಸೋಮವಾರದಿಂದ ನ್ಯೂಯಾರ್ಕ್ 9:00, ಭಾರತ 6:30. ಅದಾದ ಮೇಲೆ ಅರ್ಧ ಗಂಟೆ ಎರಡೂ ಕಡೆ ರಿವ್ಯೂಗೆ ಸಿಗಬೇಕು. ಭಾರತದವರು ಬೆಳಿಗ್ಗೆ ಒಂದು ಗಂಟೆ ತಡವಾಗಿ ಶುರು ಮಾಡಲಿ. ಭಾರತದವರಿಗೆ ಸಂಜೆ ಸ್ವಲ್ಪ ಹೋಗುತ್ತದೆ. ಅಮೆರಿಕದವರಿಗೆ ಮೊದಲಿದ್ದ ನಿಧಾನದ ಒಂದು ಗಂಟೆ ಹೋಗುತ್ತದೆ.
>
> ಇದು ಅಕ್ಟೋಬರ್ 30ರ ತನಕ ಮಾತ್ರ. ಚಳಿಗಾಲದ್ದು ಇನ್ನೂ ತೀರ್ಮಾನ ಆಗಿಲ್ಲ. ಅಕ್ಟೋಬರ್ 15ರ ಒಳಗೆ ಸಲಹೆ ಹೇಳಿ, ಚಾನೆಲ್‌ನಲ್ಲಾದರೂ ಸರಿ, ನನಗೊಬ್ಬನಿಗಾದರೂ ಸರಿ.

---

ಆಚೆದಡ

ಚೆನ್ನಾಗಿದೆ. "ಅಮೆರಿಕದವರಿಗೆ ಒಂದು ಗಂಟೆ ಹೋಗುತ್ತದೆ" ಅನ್ನುವ ಸಾಲು ತೆಗೆಯಬೇಡಿ. ನಾನು ಇಂಥ ಮೆಸೇಜ್ ಎಷ್ಟೋ ಓದಿದ್ದೇನೆ, ಎಲ್ಲವೂ "ಎಲ್ಲರಿಗೂ ಅನುಕೂಲ" ಅಂತಲೇ ಶುರುವಾಗುತ್ತೆ. ನಮಗೆ ಅನುಕೂಲ ಅಲ್ಲ ಅಂತ ನಮಗೆ ಗೊತ್ತಿರುತ್ತಲ್ಲ! ಯಾರಿಗೆ ಏನು ಹೋಯ್ತು ಅಂತ ಬರೆದರೆ ಬೇಜಾರಾದರೂ ಸಿಟ್ಟು ಬರಲ್ಲ.

ಒಂದು ತಿದ್ದುಪಡಿ. "ಒಬ್ಬರಿಗೆ ಸಾಧ್ಯವೇ ಇಲ್ಲ" ಅಂತ ಹಾಕಿದ್ದೀರಿ. ಮೂವರ ಪೈಕಿ ಒಬ್ಬರು ಅಂದರೆ ಯಾರು ಅಂತ ಎಲ್ಲರಿಗೂ ಗೊತ್ತಾಗುತ್ತೆ. ಕಾರಿನಿಂದ ಬೇರೆ ಸೇರ್ತಿದ್ದರು. ಅವರನ್ನು ಕೇಳಿ ಹಾಕಿ. ಇಲ್ಲದಿದ್ದರೆ "ಆ ಹೊತ್ತು ಖಾಲಿ ಇಲ್ಲ" ಅಂತ ಬರೆಯಿರಿ, ಸಾಕು.

---

ಸಂಜೆ_ಮೀಟಿಂಗ್

ಹೌದಲ್ವಾ, ಹೊಳೆಯಲೇ ಇಲ್ಲ. ಎರಡನ್ನೂ ತಿದ್ದುತ್ತೇನೆ.

---

ಹಳೇ_ಟೆಸ್ಟರ್

ಈ ಮೆಸೇಜ್ ಓದೋಕೆ ಬೇಕಾದ ಟೈಮಲ್ಲಿ ಒಂದು ಸ್ಟ್ಯಾಂಡ್‌ಅಪ್ ಮುಗೀತಿತ್ತು.

---

ಗಡಿಯಾರ_ರಿಪೇರಿ

ಕೊನೇ ದಿನಾಂಕ ಹಾಕಿದ್ದು ಒಳ್ಳೇದಾಯ್ತು. ಈ ವರ್ಷ ನವೆಂಬರ್ 1, ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತೆ. ಅಂತರ ಒಂಬತ್ತೂವರೆಯಿಂದ ಹತ್ತೂವರೆಗೆ ಏರುತ್ತೆ. ನಂಬಿಕೆ ಬರದಿದ್ದರೆ ಲಿನಕ್ಸ್ ಮಷೀನ್‌ನಲ್ಲಿ ಇದನ್ನು ಓಡಿಸಿ:

```
TZ=Asia/Kolkata date -d 'TZ="America/New_York" 2026-10-30 09:00'
TZ=Asia/Kolkata date -d 'TZ="America/New_York" 2026-11-02 09:00'
```

ಮೊದಲನೇದು 18:30, ಎರಡನೇದು 19:30. ಆ ಹುಡುಗನಿಗೆ ಆಗದ ಹೊತ್ತಿನ ನಟ್ಟನಡುವೆ.

ಇನ್ವೈಟ್ ತೆರೆದು ಈವೆಂಟ್‌ನ ಟೈಮ್‌ಝೋನ್ ಏನಿದೆ ನೋಡಿ. ನೀವು ಮಾಡಿದ್ದರೆ ಬಹುಶಃ ಭಾರತದ್ದೇ ಇರುತ್ತೆ. ಹಾಗಿದ್ದರೆ ನವೆಂಬರ್ 2ಕ್ಕೆ ಅವರಿಗೆ ಸದ್ದಿಲ್ಲದೆ 8:00 ಆಗುತ್ತೆ. ಕಾರಿನವರಿಗೆ ಆಗದ ಹೊತ್ತು ಶುರುವಾಗೋಕೆ ಹತ್ತು ನಿಮಿಷ ಮೊದಲು. ಈಗಿನ ಇನ್ವೈಟ್‌ಗೆ ಅಕ್ಟೋಬರ್ 30 ಕೊನೇ ದಿನ ಅಂತ ಹಾಕಿ. ಆಗ ಅದು ತಾನಾಗಿ ಜರುಗೋಕೆ ಆಗಲ್ಲ, ನೀವು ತೀರ್ಮಾನ ಮಾಡಲೇಬೇಕು.

---

ಸೊನ್ನೆ_ಒಂದು

ಚಾನೆಲ್‌ನಲ್ಲಿ ರಿಮೈಂಡರ್ ಬಾಟ್ ಇದ್ದರೆ ಅದನ್ನೂ ನೋಡಿ. ಇದು ನನ್ನ ಕ್ಷೇತ್ರ. 😀 ಸರ್ವರ್ ಸಾಮಾನ್ಯವಾಗಿ ಯುಟಿಸಿಯಲ್ಲಿರುತ್ತೆ. ಕ್ಯಾಲೆಂಡರ್ ಸರಿಯಾಗಿ ಜರುಗಿದರೂ ಬಾಟ್ ಹಳೇ ಟೈಮಿಗೇ ಕೂಗ್ತಿರುತ್ತೆ. ನಾವು ಹೀಗೆ ಹಾಕಿದ್ದೇವೆ:

```
CRON_TZ=America/New_York
50 8 * * 1-5 /opt/bot/standup-remind
```

ಎಲ್ಲ ಕ್ರಾನ್‌ಗಳೂ ಈ ಮೊದಲ ಸಾಲನ್ನು ಲೆಕ್ಕಕ್ಕೆ ತಗೊಳ್ಳಲ್ಲ. ಕೆಲವು ಸುಮ್ನೆ ದಾಟಿ ಹೋಗುತ್ತವೆ, ಎರರ್ ಕೂಡ ಕೊಡಲ್ಲ. ಹಾಕಿದ ಮರುದಿನ ಯಾವಾಗ ಕೂಗಿತು ಅಂತ ನೋಡಿ.

---

ಮೌನಿ

ನಾನು ಹೆಚ್ಚಾಗಿ ಬರೆಯೋದಿಲ್ಲ. ಆ ಹುಡುಗನ ವಿಷಯ ಓದಿ ಬರೀತಿದ್ದೇನೆ. ನಾನೂ ನಮ್ಮ ಟೀಮಿಗೆ ಕೊನೆಗೆ ಸೇರಿದವಳು. ರಾತ್ರಿ 9ಕ್ಕೆ ಸ್ಟ್ಯಾಂಡ್‌ಅಪ್. "ಯಾರಿಗಾದರೂ ತೊಂದರೆ ಇದೆಯಾ?" ಅಂತ ಲೀಡ್ ಮೀಟಿಂಗ್‌ನಲ್ಲೇ ಕೇಳಿದ್ದರು. ಹನ್ನೆರಡು ಜನರ ಮುಂದೆ ಯಾರು ಹೇಳ್ತಾರೆ? ನಾನೂ ಇಲ್ಲ ಅಂದೆ.

---

ನೇರಮಾತು

ಈಗ ಹೇಳಿ. ಈ ಚರ್ಚೆಯ ಲಿಂಕ್ ಕಳಿಸಿದರೂ ಸಾಕು.

---

ಮೂರು_ವಾರ

ಚಳಿಗಾಲಕ್ಕೆ ಏನು ಮಾಡ್ತೀರಿ? ಅದೇ ಕಷ್ಟದ ಭಾಗ ಅಂತ ಕಾಣುತ್ತೆ.

---

ಸಂಜೆ_ಮೀಟಿಂಗ್

ಹೌದು. ಹೊಸ ಟೈಮಲ್ಲಿ ಈಗ ಮೂರು ವಾರ ಆಯ್ತು. ಕಾರಿನವರು ಈಗ ಮೇಜಿನ ಮುಂದೆ. ಕ್ಯಾಮೆರಾ ಆಫ್ ಇದ್ದವರು ಇನ್ನೂ ಆಫ್. ಅವರಿಗೆ ಕ್ಯಾಮೆರಾನೇ ಇಷ್ಟ ಇಲ್ಲವಂತೆ, ಟೈಮಿಗೂ ಅದಕ್ಕೂ ಸಂಬಂಧ ಇರಲಿಲ್ಲ. ಪಿಆರ್ ಉತ್ತರ ಹೆಚ್ಚುಕಡಿಮೆ ಹಳೇ ಸ್ಥಿತಿಗೆ ಬಂದಿದೆ.

ಚಳಿಗಾಲಕ್ಕೆ ಬಂದ ಸಲಹೆ ಆ ಕಾರಿನವರದ್ದೇ. ಅವರು ಹೇಗೂ ಬೇಗ ಎದ್ದಿರುತ್ತಾರೆ, ಶಾಲೆಗೆ ಹೊರಡುವ ಮೊದಲು 7:30ಕ್ಕೆ ಬರಬಲ್ಲರು. ಅದು ನಮಗೆ ಸಂಜೆ 6. ಉಳಿದಿಬ್ಬರು ದಿನಾ 7:30 ಆಗಲ್ಲ, ವಾರಕ್ಕೊಂದು ದಿನ ಆದರೆ ಸರಿ ಅಂದರು. ಹಾಗಾಗಿ ಈಗಿನ ಯೋಚನೆ: ಮಂಗಳವಾರ ಅವರ 7:30, ಗುರುವಾರ ಅವರ 9:00 ಅಂದರೆ ನಮ್ಮ 7:30. ಉಳಿದ ಮೂರು ದಿನ ಬರಹದಲ್ಲೇ. ಗುರುವಾರ ನಮ್ಮ ಹುಡುಗ ಬರೆದು ಕಳಿಸ್ತಾನೆ.

---

ಹಳೇ_ಟೆಸ್ಟರ್

ಸ್ಟ್ಯಾಂಡ್‌ಅಪ್ ದಿನಾ ಒಂದೇ ಟೈಮಿಗೆ, ಒಂದೇ ಜಾಗದಲ್ಲಿ ಇರಬೇಕು ಅಂತ ಸ್ಕ್ರಮ್ ಗೈಡ್‌ನಲ್ಲೇ ಇದೆ. ದಿನಕ್ಕೊಂದು ಟೈಮ್ ಮಾಡಿದರೆ ಅದು ಸ್ಕ್ರಮ್ ಅಲ್ಲ.

---

ನೇರಮಾತು

ಸ್ಟ್ಯಾಂಡ್‌ಅಪ್ ತೆಗೆದು ಹಾಕಿದವರು ನೀವು. ಈಗ ನೀವೇ ಗೈಡ್ ಹಿಡಿದು ಬಂದ್ರಾ?

---

ಗಡಿಯಾರ_ರಿಪೇರಿ

ಇಲ್ಲ, ಅವರು ಹೇಳಿದ್ದು ಸರಿ. 2020ರ ಆವೃತ್ತಿಯಲ್ಲಿ ಹಾಗೇ ಇದೆ, ಗೋಜಲು ಕಡಿಮೆ ಆಗಲಿ ಅಂತ. ಹಳೇ ಆವೃತ್ತಿಯಲ್ಲಿದ್ದ "ನಿನ್ನೆ ಏನು, ಇವತ್ತು ಏನು, ಅಡ್ಡಿ ಏನು" ಅನ್ನುವ ಮೂರು ಪ್ರಶ್ನೆಗಳನ್ನು ಮಾತ್ರ ತೆಗೆದಿದ್ದಾರೆ. ಒಂದೇ ಟೈಮ್ ಅನ್ನೋದು ಉಳಿದಿದೆ. ಎರಡು ಟೈಮ್ ಇಟ್ಟರೆ ಮೊದಲ ತಿಂಗಳು ಯಾರಾದರೂ ಒಬ್ಬರು ತಪ್ಪಿಸಿಕೊಳ್ಳೋದು ಗ್ಯಾರಂಟಿ.

ನನಗೆ ಅದಕ್ಕಿಂತ ಬರಹದ ದಿನಗಳದ್ದೇ ಚಿಂತೆ. ಜನ "ನಿನ್ನೆಯದೇ ಮುಂದುವರಿಕೆ" ಅಂತ ಬರೆದು ಕೈತೊಳೆದುಕೊಳ್ತಾರೆ. ನಾವು ಒಂದೇ ನಿಯಮ ಇಟ್ಟಿದ್ದೆವು: ಆ ಕಡೆಯವರಿಂದ ಏನು ಬೇಕು ಅನ್ನೋದನ್ನು ಹೆಸರು, ಪಿಆರ್ ಲಿಂಕ್ ಸಮೇತ ಮೊದಲ ಸಾಲಿನಲ್ಲಿ ಬರೆಯಬೇಕು. ಏನೂ ಬೇಡ ಅಂದರೆ "ಬೇಡ" ಅಂತ ಬರೆಯಬೇಕು. ಉಳಿದದ್ದು ಬರೆದರೆ ಬರೆಯಲಿ, ಬಿಟ್ಟರೆ ಬಿಡಲಿ. ಇಷ್ಟಾದರೂ ಅರ್ಧ ಜನ ಎರಡು ವಾರಕ್ಕೆ ಮರೆತರು.

---

ಆಚೆದಡ

ನನಗೆ ಗುರುವಾರದ್ದು ಒಪ್ಪಿಗೆ ಆಗ್ತಿಲ್ಲ. ಆ ಹುಡುಗನೊಬ್ಬನೇ ಪ್ರತಿ ಗುರುವಾರ ಹೊರಗೆ. ವಾರಕ್ಕೆ ಎರಡೇ ದಿನ ಎಲ್ಲರೂ ಮುಖ ನೋಡೋದು, ಅದರಲ್ಲಿ ಒಂದು ದಿನ ಅವನಿಲ್ಲ. ಎರಡೂ ದಿನ 7:30 ಮಾಡೋಕೆ ಆ ಇಬ್ಬರನ್ನು ಇನ್ನೊಮ್ಮೆ ಕೇಳಿ. ಅವರಿಗೆ ಅದು "ಆಗಲ್ಲ"ವಾ, "ಬೇಜಾರಾ"?

---

ಕಾಪಿ_ಪೇಸ್ಟ್

ಬೆಳಿಗ್ಗೆ 7:30ಕ್ಕೆ ಮೀಟಿಂಗ್ ಅಂದರೆ ನನಗೆ ಎರಡೂ.

---

ಸಂಜೆ_ಮೀಟಿಂಗ್

ಕೇಳಿದೆ. ಒಬ್ಬರು ಬೇಜಾರು ಅಂದರು, ಎರಡು ದಿನಕ್ಕೂ ಒಪ್ಪಿದರು. ಇನ್ನೊಬ್ಬರು ಸೋಮವಾರ ಹೇಳ್ತೀನಿ ಅಂದಿದ್ದಾರೆ. ಹಳೇ ಇನ್ವೈಟ್‌ಗೆ ಅಕ್ಟೋಬರ್ 30 ಕೊನೇ ದಿನ ಹಾಕಿದೆ. ಅದರ ಝೋನ್ ಭಾರತದ್ದೇ ಇತ್ತು, ನಾನೇ ಹಾಕಿದ್ದು. ನವೆಂಬರ್ 2ರಿಂದ ಕ್ಯಾಲೆಂಡರ್ ಸದ್ಯಕ್ಕೆ ಖಾಲಿ.